ಟ್ಯೂಷನ್ ಸರ್ ರಾತ್ರಿ ಹೊತ್ತು ಮಗಳಿಗೆ ಮೆಸೇಜ್ ಹಾಕ್ತಿದ್ರೆ, ಅವನಿಗೆ ಫೋನ್ ಮಾಡಿ ಬೈಯೋ ಮುಂಚೆ ಇದನ್ನ ಓದಿ

ಮುಂಬೈ, ಠಾಣೆ, ಡೊಂಬಿವಲಿ ಕಡೆ ಇರೋ ನಮ್ಮ ಕನ್ನಡದ ಮನೆಯವರು ದಯವಿಟ್ಟು ಪೂರ್ತಿ ಓದಿ, ಸ್ವಲ್ಪ ಉದ್ದ ಇದೆ. ಹುಡುಗಿ ನಮ್ಮ ಮನೆತನದವಳೇ, ಹತ್ತನೇ ಕ್ಲಾಸ್. ಯಾರ ಮಗಳು ಯಾವ ಬಿಲ್ಡಿಂಗ್ ಅಂತ ಕೇಳಬೇಡಿ, ಹೇಳಲ್ಲ. ಸರ್ ಹೆಸರೂ ಬರೆಯಲ್ಲ, ಕೇಸ್ ಕೋರ್ಟಲ್ಲಿದೆ.

ಡೊಂಬಿವಲಿ ಈಸ್ಟಲ್ಲಿ ಅಪ್ಪ ಅಮ್ಮ ಇಬ್ರೂ ಬೆಳಿಗ್ಗೆ ಲೋಕಲ್ ಹಿಡಿದು ಹೋದ್ರೆ ವಾಪಸ್ ಬರೋದು ರಾತ್ರಿ ಎಂಟಕ್ಕೆ, ಅದಕ್ಕೆ ಮನೆ ಹತ್ರಾನೇ ಒಬ್ಬರ ಬಳಿ ಮ್ಯಾಥ್ಸ್ ಸೈನ್ಸ್ ಟ್ಯೂಷನ್ ಹಾಕಿದ್ರು. ಒಳ್ಳೆ ಹೆಸರಿದ್ದ ಮನುಷ್ಯ, ಗಣಪತಿ ಹಬ್ಬಕ್ಕೆ ಮನೆಗೆ ಬಂದು ಪ್ರಸಾದ ತಿಂದು ಹೋದವನು. ಮೊದಲು ಎಲ್ಲ ಮಕ್ಕಳದ್ದು ಒಂದು ವಾಟ್ಸಾಪ್ ಗ್ರೂಪ್ ಇತ್ತು, ಟೈಮ್‌ಟೇಬಲ್ ಟೆಸ್ಟ್ ಎಲ್ಲ ಅದರಲ್ಲೇ. ಆಮೇಲೆ ಡೌಟ್ ಇದ್ರೆ ಗ್ರೂಪಲ್ಲಿ ಬೇಡ ನಂಗೇ ಹಾಕು ಅಂದ. ಅಲ್ಲಿಂದ ಶುರು ಆಗಿದ್ದು. ಮೊದಲೆಲ್ಲ ಲೆಕ್ಕದ ಮಾತೇ, ಆಮೇಲಾಮೇಲೆ ಹನ್ನೊಂದೂವರೆ ಹನ್ನೆರಡಕ್ಕೆ 'ಸೋ ಗಯೀ ಕ್ಯಾ?' ಅಂತ ಒಂದೇ ಲೈನ್, ಉತ್ತರ ಕೊಡದಿದ್ರೆ ಒಂದು ಪ್ರಶ್ನೆ ಗುರುತು, ಉತ್ತರ ಕೊಟ್ರೆ ನೀನು ಬೇರೆ ಹುಡುಗೀರ ಥರ ಅಲ್ಲ, ನಿಂಗೆ ಬಾಯ್‌ಫ್ರೆಂಡ್ ಇದಾನಾ, ಈಗ ಏನು ಹಾಕ್ಕೊಂಡಿದ್ದೀಯ, ಫೋಟೋ ಕಳಿಸು. ಜೊತೆಗೆ ಮಮ್ಮಿಗೆ ಹೇಳಬೇಡ ಅವರಿಗೆ ಅರ್ಥ ಆಗಲ್ಲ, ಓದಿ ಡಿಲೀಟ್ ಮಾಡು. ಮಗು ಫೋಟೋ ಕಳಿಸಿರಲಿಲ್ಲ, ದೇವರು ದೊಡ್ಡವನು.

ಅವರಮ್ಮ ಒಂದು ರಾತ್ರಿ ಅಲಾರಂ ಇಡೋಕೆ ಅಂತ ಆ ಫೋನ್ ತಗೊಂಡಾಗ ಮೆಸೇಜ್ ಬಂತು, ಕಣ್ಣಿಗೆ ಬಿತ್ತು. ಅಪ್ಪ ಅಂತೂ ಆಗಲೇ ಅವನ ಮನೆಗೆ ಹೊರಟು ನಿಂತಿದ್ರು, ಚಪ್ಪಲಿ ಹಾಕ್ಕೊಂಡಾಗಿತ್ತು. ಅಷ್ಟರಲ್ಲಿ ನಮ್ಮ ದೊಡ್ಡಮ್ಮನ ಮಗನಿಗೆ ಫೋನ್ ಬಂತು, ಅವನು ಕಲ್ಯಾಣ್ ಕೋರ್ಟಲ್ಲಿ ಲಾಯರ್, ಅವನು ಹೇಳಿದ ಮೊದಲ ಮಾತು 'ಅಣ್ಣಾ ಕೂಡ್ರಿ, ಅವನಿಗೆ ಫೋನ್ ಮಾಡಬ್ಯಾಡ್ರಿ, ಮೊದಲು ಆ ಫೋನ್ ಏರೋಪ್ಲೇನ್ ಮೋಡಿಗೆ ಹಾಕ್ರಿ' ಅಂತ.

ಯಾಕೆ ಅಂದ್ರೆ, ವಾಟ್ಸಾಪಲ್ಲಿ ಕಳಿಸಿದವನು ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ತನ್ನ ಮೆಸೇಜನ್ನ ಎರಡೂ ಕಡೆಯಿಂದ ಅಳಿಸಬಹುದು. ನೀವು ಬೈದು ಫೋನ್ ಇಟ್ಟ ಐದು ನಿಮಿಷಕ್ಕೆ ಅವನು ಅದೇ ಕೆಲಸ ಮಾಡೋದು. ಆದ್ರೆ ನಿಮ್ಮ ಕೈಲಿರೋ ಫೋನಿಗೆ ನೆಟ್ ಇಲ್ಲದಿದ್ರೆ ಆ ಅಳಿಸೋ ಆರ್ಡರ್ ಇಲ್ಲಿಗೆ ತಲುಪಲ್ಲ. ಏರೋಪ್ಲೇನ್ ಮೋಡ್ ಹಾಕಿದ ಮೇಲೆ ವೈಫೈನೂ ಆಫ್ ಇದೆಯಾ ನೋಡಿ, ಕೆಲವು ಫೋನಲ್ಲಿ ಅದು ಆನ್ ಆಗೇ ಉಳಿಯುತ್ತೆ. ಇಟ್ಟ ಟೈಮ್ ಆದ ಮೇಲೆ ತಾನಾಗೇ ಅಳಿದು ಹೋಗೋ ಡಿಸಪಿಯರಿಂಗ್ ಮೆಸೇಜ್ ಇದ್ರೆ ಮಾತ್ರ ಇದು ಕೆಲಸಕ್ಕೆ ಬರಲ್ಲ, ಅದರ ಟೈಮ್ ನೆಟ್ ಇಲ್ಲದಿದ್ರೂ ಓಡ್ತಾನೇ ಇರುತ್ತೆ, ಅದಕ್ಕೆ ಅವತ್ತೇ ರಾತ್ರಿ ಕೂತು ತೆಗೀಬೇಕು, ನಾಳೆ ನೋಡೋಣ ಅಂತ ಬಿಡಬಾರದು. ಈ ಸರ್ ಒಂದು ಹಂತದಲ್ಲಿ ಅದನ್ನ 24 ಗಂಟೆಗೆ ಇಟ್ಟಿದ್ದ, ಚಾಟ್ ನಡುವೆ ಇಂಥವರು ಡಿಸಪಿಯರಿಂಗ್ ಮೆಸೇಜ್ ಆನ್ ಮಾಡಿದ್ದಾರೆ ಅಂತ ಸಣ್ಣ ಅಕ್ಷರದಲ್ಲಿ ಒಂದು ಲೈನ್ ಬಂದಿತ್ತು. ಎಲ್ಲರೂ ಅದನ್ನ ಬಿಟ್ಟು ಮೆಸೇಜ್ ಅಷ್ಟೇ ಸ್ಕ್ರೀನ್‌ಶಾಟ್ ತೆಗೀತಾರೆ, ಲಾಯರಿಗೆ ಮಾತ್ರ ಆ ಲೈನೇ ಬಹಳ ಮುಖ್ಯ ಅನ್ನಿಸ್ತು. ಬೀಜಗಣಿತದ ಡೌಟ್ ಹೇಳಿಕೊಡೋ ಮನುಷ್ಯನಿಗೆ ಅದು 24 ಗಂಟೇಲಿ ಅಳಿದು ಹೋಗಬೇಕು ಅಂತ ಯಾಕೆ?

ಈಗ ತೆಗೆಯೋದು ಹೇಗೆ. ಮನೇಲಿರೋ ಇನ್ನೊಂದು ಫೋನಿಂದ ಆ ಫೋನಿನ ಸ್ಕ್ರೀನನ್ನ ವಿಡಿಯೋ ಮಾಡಿದ್ರು. ಮೊದಲು ಹೋಮ್ ಸ್ಕ್ರೀನ್, ಆಮೇಲೆ ವಾಟ್ಸಾಪ್ ತೆರೆದು ಆ ಚಾಟ್, ಮೇಲಿರೋ ಹೆಸರು ಒತ್ತಿ ಕಾಂಟ್ಯಾಕ್ಟ್ ಪೇಜ್ ತೆರೆದು ನಂಬರ್ ಕಾಣೋ ಹಾಗೆ ಸ್ವಲ್ಪ ಹೊತ್ತು ನಿಲ್ಲಿಸಿ, ವಾಪಸ್ ಬಂದು ಮೊದಲ ಮೆಸೇಜಿಂದ ಕೊನೆವರೆಗೂ ನಿಧಾನ ಸ್ಕ್ರೋಲ್, ಎಲ್ಲೂ ಕಟ್ ಇಲ್ಲ. ಈ ನಂಬರ್ ವಿಷಯ ಜನಕ್ಕೆ ಹೊಳೆಯಲ್ಲ. ಸ್ಕ್ರೀನ್‌ಶಾಟಲ್ಲಿ ಮೇಲೆ ಕಾಣೋದು 'ಮ್ಯಾಥ್ಸ್ ಸರ್' ಅಂತ, ಅದು ನೀವೇ ಸೇವ್ ಮಾಡಿದ ಹೆಸರು, ಯಾರ ನಂಬರಿಗೆ ಬೇಕಾದ್ರೂ ಆ ಹೆಸರು ಕೊಡಬಹುದು ಅಂತ ಅವನ ಕಡೆ ವಕೀಲ ಹೇಳೇ ಹೇಳ್ತಾನೆ.

ತಾರೀಖಿಂದೂ ಅದೇ ಕತೆ. ಚಾಟಲ್ಲಿ ಹೊಸ ಮೆಸೇಜಿನ ಮೇಲೆ ಇವತ್ತು, ನಿನ್ನೆ, ಇಲ್ಲಾಂದ್ರೆ ವಾರದ ಹೆಸರು ಬರುತ್ತೆ, ತಾರೀಖು ಬರಲ್ಲ. 'ಟುಡೇ 11:47' ಅಂತಿರೋ ಸ್ಕ್ರೀನ್‌ಶಾಟ್ ಆರು ತಿಂಗಳ ಮೇಲೆ ನೋಡಿದ್ರೆ ಯಾವ ಟುಡೇ? ಅದಕ್ಕೆ ಚಾಟಿನ ಮೂರು ಚುಕ್ಕೆ ಒತ್ತಿ Export chat ಅಂತ ಇರುತ್ತಲ್ಲ, ಅದರಿಂದ ಟೆಕ್ಸ್ಟ್ ಫೈಲ್ ಮಾಡಿ ಮನೆಯವರ ಈಮೇಲಿಗೇ ಕಳಿಸ್ಕೋಬೇಕು, ಅದರಲ್ಲಿ ಒಂದೊಂದು ಮೆಸೇಜಿಗೂ ತಾರೀಖು ಟೈಮ್ ಪೂರ್ತಿ ಬರುತ್ತೆ. ಇದಕ್ಕೆ ನೆಟ್ ಬೇಕು, ಅದಕ್ಕೇ ವಿಡಿಯೋ ಮೊದಲು, ಎಕ್ಸ್‌ಪೋರ್ಟ್ ಆಮೇಲೆ.

ಅವರಮ್ಮ ಚಾಟ್ ಓದ್ತಾ ಓದ್ತಾ ಅಳೋಕೆ ಶುರು ಮಾಡಿದ್ರು, ಯಾಕಂದ್ರೆ ಮಗಳೂ ಉತ್ತರ ಕೊಟ್ಟಿದ್ದಳು, ಕೆಲವು ಕಡೆ ನಗೋ ಇಮೋಜಿ, ಒಂದು ಕಡೆ ಥ್ಯಾಂಕ್ಯೂ ಸರ್ ಯು ಆರ್ ಸೋ ಸ್ವೀಟ್ ಅಂತ. 'ಇದಿಷ್ಟು ಅಳಿಸೋಣೇನೋ, ನಾಳೆ ಪೊಲೀಸ್ರು ಹುಡುಗೀದೇ ತಪ್ಪು ಅಂದ್ರೆ?' ಅಂತ ಕೇಳಿದ್ರು. ಒಂದಕ್ಷರ ಮುಟ್ಟಬ್ಯಾಡ್ರಿ ವೈನಿ ಅಂದ ಲಾಯರ್. ಅವನು ಬಿಡಿಸಿ ಹೇಳಿದ್ದನ್ನ ಇಲ್ಲಿ ಹಾಕ್ತೀನಿ. ಪೋಕ್ಸೋ ಅಂದ್ರೆ ಮಕ್ಕಳನ್ನ ಲೈಂಗಿಕ ಅಪರಾಧದಿಂದ ಕಾಪಾಡೋ 2012ರ ಕಾಯ್ದೆ, 18 ತುಂಬದವರೆಲ್ಲ ಅದರಲ್ಲಿ ಮಗುನೇ, ಮಗು ಒಪ್ಪಿತ್ತು ಅನ್ನೋ ಮಾತಿಗೆ ಅಲ್ಲಿ ಬೆಲೆ ಇಲ್ಲ. ಅದರ 11ನೇ ಸೆಕ್ಷನಲ್ಲಿ ಫೋನು ನೆಟ್ಟಿನ ಮೂಲಕ ಮಗುವನ್ನ ಮತ್ತೆ ಮತ್ತೆ ಕಾಂಟ್ಯಾಕ್ಟ್ ಮಾಡೋದೂ ಲೈಂಗಿಕ ಕಿರುಕುಳ ಅಂತಾನೇ ಇದೆ, 12ನೇದರಲ್ಲಿ ಮೂರು ವರ್ಷದವರೆಗೆ ಜೈಲು ಮತ್ತೆ ದಂಡ. ಆದ್ರೆ ಲೈಂಗಿಕ ಉದ್ದೇಶ ಇತ್ತು ಅನ್ನೋದು ಕಾಣಬೇಕು. 'ಮಲಗಿದ್ಯಾ' ಅನ್ನೋ ಒಂದೇ ಮೆಸೇಜಲ್ಲಿ ಅದು ಕಾಣಲ್ಲ. ಲೆಕ್ಕದಿಂದ ಶುರುವಾಗಿ, ಹೊತ್ತು ರಾತ್ರಿಗೆ ಜಾರಿ, ಹೊಗಳಿಕೆ ಬಂದು, ಅಮ್ಮನಿಗೆ ಹೇಳಬೇಡ ಬಂದು, ಕೊನೆಗೆ ಫೋಟೋ ಕೇಳೋವರೆಗೂ ಹೋಯ್ತಲ್ಲ, ಆ ದಾರಿ ಪೂರ್ತಿ ಇದ್ರೇನೇ ಉದ್ದೇಶ ಎದ್ದು ಕಾಣೋದು. ನಡುವೆ ಹುಡುಗಿ ಮಾತು ಅಳಿಸಿದ್ರೆ ಅದು ಅರ್ಧಂಬರ್ಧ ಆಗುತ್ತೆ, ಮೇಲಿಂದ ಸಾಕ್ಷಿ ತಿದ್ದಿದಾರೆ ಅಂತ ಹೇಳೋಕೆ ಅವನಿಗೇ ದಾರಿ ಮಾಡಿಕೊಟ್ಟ ಹಾಗೆ.

ಇನ್ನು ವಾಟ್ಸಾಪಲ್ಲೇ ರಿಪೋರ್ಟ್ ಬ್ಲಾಕ್ ಮಾಡೋಕೆ ಹೋಗಬೇಡಿ, ಕನಿಷ್ಠ ಆ ರಾತ್ರಿ. ರಿಪೋರ್ಟ್ ಒತ್ತಿದಾಗ ಬ್ಲಾಕ್ ಮಾಡಿ ಚಾಟ್ ಡಿಲೀಟ್ ಮಾಡು ಅಂತ ಒಂದು ಟಿಕ್ ಜೊತೇಲೇ ಬರುತ್ತೆ, ಗಾಬರೀಲಿ ಓಕೆ ಒತ್ತಿದ್ರೆ ಎಲ್ಲ ಹೋಯ್ತು. ಇನ್‌ಸ್ಟಾಗ್ರಾಮ್ ಆದ್ರೆ ಇನ್ನೂ ಅವಸರ ಇರಲಿ, ಅಲ್ಲಿ ಅನ್‌ಸೆಂಡ್ ಮಾಡಿದ್ರೆ ಇಲ್ಲಿ ಮೆಸೇಜ್ ಇತ್ತು ಅನ್ನೋ ಗುರುತೂ ಉಳಿಯಲ್ಲ. ಸ್ನ್ಯಾಪ್‌ಚಾಟಲ್ಲಿ ಸ್ಕ್ರೀನ್‌ಶಾಟ್ ತೆಗೆದ್ರೆ ಎದುರಿನವನಿಗೆ ಗೊತ್ತಾಗುತ್ತೆ, ಹಾಗಾಗಿ ಅಲ್ಲೂ ಇನ್ನೊಂದು ಫೋನಿನ ಕ್ಯಾಮೆರಾನೇ. ಮತ್ತೆ ಮಗಳ ಹೆಸರಲ್ಲಿ ನೀವೇ ಕೂತು ಅವನ ಜೊತೆ ಚಾಟ್ ಮಾಡಿ ಬಾಯಿ ಬಿಡಿಸೋ ಸಾಹಸ ಬೇಡವೇ ಬೇಡ, ಅಲ್ಲಿಂದ ಮುಂದೆ ಯಾವುದು ಮಗು ಬರೆದಿದ್ದು ಯಾವುದು ನೀವು ಬರೆದಿದ್ದು ಅಂತ ಕಲಸಿ ಹೋಗುತ್ತೆ.

ಒಂದು ವಿಷಯ ಮಾತ್ರ ಕಟ್ಟುನಿಟ್ಟು. ಮಗುವಿನ ಆ ಥರದ ಫೋಟೋ ಏನಾದ್ರೂ ಚಾಟಲ್ಲಿ ಇದ್ರೆ ಅದನ್ನ ವಿಡಿಯೋನೂ ಮಾಡಬೇಡಿ, ಎಕ್ಸ್‌ಪೋರ್ಟ್ ಮಾಡುವಾಗ ಮೀಡಿಯಾ ಬೇಡ ಅಂತ ಆರಿಸಿ, ಅಕ್ಕನಿಗಾಗಲಿ ಲಾಯರಿಗಾಗಲಿ ಫಾರ್ವರ್ಡ್ ಮಾಡಬೇಡಿ. ಅಂಥ ಚಿತ್ರ ಬೇರೆಯವರಿಗೆ ಕಳಿಸೋದು ಐಟಿ ಕಾಯ್ದೆಯ 67ಬಿ ಪ್ರಕಾರ ಅದೇ ಒಂದು ಅಪರಾಧ. ಫೋನ್ ಹೇಗಿದೆಯೋ ಹಾಗೇ ಬೇಗ ಪೊಲೀಸರ ಕೈಗೆ ಕೊಡಿ.

ಮಾರನೇ ದಿನ ಸ್ಟೇಷನ್ನಿಗೆ ಹೋದಾಗ ಮೊದಲು ಕೂತಿದ್ದವರು ಸರ್‌ನ ಕರೆಸಿ ತಾಕೀತು ಮಾಡ್ತೀವಿ, ಹುಡುಗಿ ಭವಿಷ್ಯ ನೋಡಿ ಅಂತ ಮರಾಠೀಲಿ ಸಮಾಧಾನ ಹೇಳಿದ್ರು. ಲಾಯರ್ ಜೊತೇಲಿದ್ದ, ಪೋಕ್ಸೋ 19 ಮತ್ತೆ 21 ಅಂತ ಎರಡೇ ನಂಬರ್ ಹೇಳಿದ. 19ರಲ್ಲಿ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸಿದ್ದನ್ನ ಪೊಲೀಸರು ಬರ್ಕೊಳ್ಳಲೇಬೇಕು, 21ರಲ್ಲಿ ಹಾಗೆ ಮಾಡದಿದ್ರೆ ಅವರಿಗೇ ಶಿಕ್ಷೆ. ಅಲ್ಲಿಂದ ಮಾತಿನ ಧಾಟಿ ಬದಲಾಯ್ತು. ಹುಡುಗಿನ ಸ್ಟೇಷನ್ನಿಗೆ ಕರ್ಕೊಂಡು ಹೋಗಿರಲಿಲ್ಲ, ಹೋಗಬೇಕಾಗೂ ಇಲ್ಲ, ಒಬ್ಬರು ಲೇಡಿ ಸಬ್ ಇನ್‌ಸ್ಪೆಕ್ಟರ್ ಸಲ್ವಾರ್ ಕಮೀಜಲ್ಲಿ ಮನೆಗೇ ಬಂದು ಚಹಾ ಕುಡೀತಾ ಹೇಳಿಕೆ ಬರ್ಕೊಂಡ್ರು. ಸ್ಟೇಷನ್ನಲ್ಲಿ ದಾರಿ ಸಿಗದೇ ಇದ್ರೆ 1098 ಮಕ್ಕಳ ಸಹಾಯವಾಣಿ ಇದೆ, cybercrime.gov.in ಇದೆ.

ನಿರೀಕ್ಷೆ ಮಾಡಿದ ಹಾಗೇ ಅವನು ಹೇಳಿದ್ದು ಆ ನಂಬರ್ ನಂದೇ ಅಲ್ಲ, ಅದು ಕ್ಲಾಸಲ್ಲಿ ಬಿದ್ದಿರೋ ಫೋನು, ಯಾರೋ ಹುಡುಗರು ಮಾಡಿರಬೇಕು ಅಂತ. ಇಲ್ಲಿ ಕೈ ಹಿಡಿದಿದ್ದು ಫೀಸು. ತಿಂಗಳಾ ತಿಂಗಳಾ ಜೀಪೇಲಿ ಫೀಸ್ ಹೋಗ್ತಿದ್ದುದು ಅದೇ ನಂಬರಿಗೆ, ಪೇಮೆಂಟ್ ಹಿಸ್ಟರೀಲಿ ಬ್ಯಾಂಕ್ ಖಾತೇಲಿರೋ ಅವನ ಹೆಸರು ಬರುತ್ತೆ, ಗ್ರೂಪಲ್ಲಿ ಟೈಮ್‌ಟೇಬಲ್ ಬರ್ತಿದ್ದುದೂ ಅದೇ ನಂಬರಿಂದ. ಅದಕ್ಕೆ ಆ ಗ್ರೂಪಿಂದ ಸಿಟ್ಟಲ್ಲಿ ಲೆಫ್ಟ್ ಆಗಬೇಡಿ, ಫೀಸಿನ ಎಂಟ್ರಿಗಳನ್ನ ಬ್ಯಾಂಕ್ ಸ್ಟೇಟ್‌ಮೆಂಟ್ ಸಮೇತ ತೆಗೆದಿಡಿ. ಕ್ಯಾಶ್ ಕೊಡೋರು ಇನ್ಮೇಲಾದ್ರೂ ಆನ್‌ಲೈನ್ ಕೊಡಿ, ಅಷ್ಟು ಹೇಳ್ತೀನಿ.

ಕೊನೇದಾಗಿ ಫೋನ್. ಅದು ವಾಪಸ್ ಬರೋಕೆ ಬಹಳ ಕಾಲ ಹಿಡಿಯುತ್ತೆ, ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಓದಿಗೆ ಬೇರೆ ಫೋನ್ ಕೊಡಿಸಿ, ಆದ್ರೆ ಪೊಲೀಸರು ತಗೊಳ್ಳೋ ಮುಂಚೆ ಅದೇ ನಂಬರಿನ ವಾಟ್ಸಾಪನ್ನ ಹೊಸ ಫೋನಿಗೆ ಹಾಕೋಕೆ ಹೋಗಬೇಡಿ, ರೀಸೆಟ್ ಅಪ್‌ಡೇಟ್ ಯಾವುದೂ ಬೇಡ. ಪ್ರಿಂಟ್ ತೆಗೆದ ಸ್ಕ್ರೀನ್‌ಶಾಟಿಗೆ ಕೋರ್ಟಲ್ಲಿ ಸರ್ಟಿಫಿಕೇಟ್ ಬೇಕು, 2024 ಜುಲೈಯಿಂದ ಬಂದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಒಂದು ಭಾಗ ಫೋನ್ ಇಟ್ಕೊಂಡವರು ಇನ್ನೊಂದು ಭಾಗ ಎಕ್ಸ್‌ಪರ್ಟ್ ಸಹಿ ಮಾಡಬೇಕು, ಒರಿಜಿನಲ್ ಫೋನ್ ಇದ್ರೆ ಅದೆಲ್ಲ ಸಲೀಸು. ಫೋನ್ ಕೊಡೋ ಮುಂಚೆ *#06# ಒತ್ತಿದ್ರೆ ಬರೋ ಐಎಂಇಐ ನಂಬರ್ ಬರೆದಿಟ್ಕೊಳ್ಳಿ, ಪಂಚನಾಮೆಯಲ್ಲಿ ಅದೇ ನಂಬರ್ ಬರೆದಿದ್ದಾರಾ ನೋಡಿ ಆಮೇಲೆ ಸಹಿ ಮಾಡಿ, ಕಾಪಿ ಕೇಳಿ ತಗೊಳ್ಳಿ. ಎಫ್ಐಆರ್ ಕಾಪಿ ಫ್ರೀ, ಅದಕ್ಕೆ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ.

ಗಂಡು ಮಕ್ಕಳ ತಾಯಂದಿರೂ ನಮಗಿದು ಸಂಬಂಧ ಇಲ್ಲ ಅನ್ಕೋಬೇಡಿ, ಪೋಕ್ಸೋಲಿ ಹುಡುಗ ಹುಡುಗಿ ಅಂತ ಭೇದ ಇಲ್ಲ, ಮೆಸೇಜ್ ಹಾಕೋಳು ಟೀಚರಮ್ಮ ಆದ್ರೂ ಅದೇ ಸೆಕ್ಷನ್ನು.