ಟ್ರೈನಿಗೆ ಅಂತ ತಗೊಂಡ ಡುಪ್ಲಿಕೇಟ್ ಕರಿಮಣಿ ಮತ್ತು ಐದು ತಿಂಗಳ ತುರಿಕೆ

ಡೊಂಬಿವಿಲಿಯಿಂದ ದಿನಾ ಲೋಕಲ್ ಹತ್ತುವ ಹೆಂಗಸರಿಗೆ ಈ ಕಥೆಯ ಶುರುವನ್ನು ವಿವರಿಸಬೇಕಾಗಿಲ್ಲ. ಚಿನ್ನದ ಕರಿಮಣಿ ಮನೆಯ ಕಪಾಟಿನಲ್ಲಿರುತ್ತದೆ, ಕುತ್ತಿಗೆಯಲ್ಲಿ ಡುಪ್ಲಿಕೇಟ್ ಇರುತ್ತದೆ. ಯಾರಾದರೂ ಎಳೆದುಕೊಂಡು ಓಡಿದರೂ ಹೋಗುವುದು ಮುನ್ನೂರು ರೂಪಾಯಿ ಅಷ್ಟೇ ಅಲ್ವಾ ಅನ್ನುವ ಲೆಕ್ಕ. ನಾನೂ ಫೆಬ್ರವರಿಯಲ್ಲಿ ಹಾಗೇ ಒಂದು ತಗೊಂಡೆ. ಒಂದು ಗ್ರಾಂ ಗೋಲ್ಡ್, ಆಂಟಿ ಅಲರ್ಜಿ, ಬಣ್ಣ ಹೋಗುವುದಿಲ್ಲ ಅಂತ ಕವರಿನ ಮೇಲೆ ಬರೆದಿತ್ತು. ಮೂರು ತಿಂಗಳು ಏನೂ ಆಗಲಿಲ್ಲ.

ಮೇ ತಿಂಗಳ ಸೆಕೆಯಲ್ಲಿ ಶುರುವಾಯಿತು. ಕುತ್ತಿಗೆಯ ಹಿಂದೆ, ಸರಿಯಾಗಿ ಕೊಂಡಿ ಕೂರುವ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಕೆಂಪು. ಬೆವರುಸಾಲೆ ಅಂದುಕೊಂಡು ಪೌಡರ್ ಹಾಕಿದೆ. ತುರಿಕೆ ಜಾಸ್ತಿಯಾಯಿತು. ಫಂಗಸ್ ಇರಬಹುದು ಅಂತ ಮೆಡಿಕಲ್‌ನಿಂದ ಒಂದು ಟ್ಯೂಬ್ ತಂದೆ, ಆಮೇಲೆ ಗಾಯಕ್ಕೆ ಹಚ್ಚುವ ಇನ್ನೊಂದು ಟ್ಯೂಬ್. ಚರ್ಮ ಒರಟಾಗಿ ಕಪ್ಪಾಯಿತು, ತುರಿಸಿದರೆ ನೀರು ಬರುತ್ತಿತ್ತು. ಕೂದಲು ಮೇಲೆ ಕಟ್ಟುವುದಕ್ಕೇ ನಾಚಿಕೆ.

ಇಲ್ಲಿ ನಾನು ಮಾಡಿದ ದೊಡ್ಡ ಬುದ್ಧಿವಂತಿಕೆ ಕೇಳಿ. ಈ ಒಂದು ಗ್ರಾಂ ಗೋಲ್ಡೇ ಆಗುವುದಿಲ್ಲ, ಬೆಳ್ಳಿಗೆ ಹೋಗೋಣ ಅಂತ ಕಪ್ಪು ಮಿಶ್ರಿತ ಬಿಳಿ ಬಣ್ಣದ ದೊಡ್ಡ ಜುಮುಕಿ ತಗೊಂಡೆ, ಅದೇ ಆಕ್ಸಿಡೈಸ್ಡ್ ಅಂತಾರಲ್ಲ, ಕಾಟನ್ ಸೀರೆಗೆ ಚೆಂದ ಕಾಣುವುದು. ಕೇಳಿದ್ದಕ್ಕೆ 'ಜರ್ಮನ್ ಸಿಲ್ವರ್' ಅಂದರು. ಸಿಲ್ವರ್ ಅಂದರೆ ಸಿಲ್ವರ್ ಅಲ್ವಾ, ಸ್ವಲ್ಪ ಕಲಬೆರಕೆ ಇರಬಹುದು ಅಂದುಕೊಂಡೆ. ಒಂದು ಭಾನುವಾರ ಸಂಜೆ ಗೆಳತಿಯ ಮಗಳ ರಿಸೆಪ್ಷನ್‌ಗೆ ಹಾಕಿಕೊಂಡು ಹೋದೆ, ರಾತ್ರಿ ತೆಗೆದಿಟ್ಟೆ. ಸೋಮವಾರ ಏನೂ ಇಲ್ಲ. ಸೋಮವಾರ ರಾತ್ರಿ ಮನೆಯಲ್ಲಿ ಬದನೆಕಾಯಿ ಗೊಜ್ಜು. ಮಂಗಳವಾರ ಬೆಳಿಗ್ಗೆ ಎದ್ದರೆ ಎರಡೂ ಕಿವಿ ಬಾತುಕೊಂಡು ತೂತಿನಿಂದ ನೀರು ಸುರಿಯುತ್ತಿದೆ. ಅತ್ತೆ ನೋಡಿದ ಕೂಡಲೇ ತೀರ್ಪು ಕೊಟ್ಟರು. "ಬದನೆಕಾಯಿ ನಂಜು ಮಾರಾಯ್ತಿ. ಎಷ್ಟು ಹೇಳಿದರೂ ಕೇಳುವುದಿಲ್ಲ ನೀನು."

ಅತ್ತೆಯ ತಪ್ಪಿಲ್ಲ. ಜುಮುಕಿ ತೆಗೆದು ಒಂದೂವರೆ ದಿನ ಆಗಿದೆ, ಬದನೆಕಾಯಿ ತಿಂದು ಹತ್ತು ಗಂಟೆ. ಯಾರಾದರೂ ಬದನೆಕಾಯಿಯನ್ನೇ ಹಿಡಿಯುತ್ತಾರೆ. ನಾನು ಎರಡು ತಿಂಗಳು ಬದನೆ, ಸಿಗಡಿ, ಬಂಗುಡೆ ಎಲ್ಲ ಬಿಟ್ಟೆ. ಮಂಗಳೂರು ಕಡೆಯವಳು ಎರಡು ತಿಂಗಳು ಬಂಗುಡೆ ಬಿಡುವುದೆಂದರೆ ಏನು ಅಂತ ಗೊತ್ತಿದ್ದವರಿಗೆ ಗೊತ್ತು. ತುರಿಕೆ ಮಾತ್ರ ಬಿಡಲಿಲ್ಲ.

ಅಕ್ಟೋಬರಿನಲ್ಲಿ ಕೊನೆಗೂ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಕುತ್ತಿಗೆ ನೋಡಿದರು, ಕಿವಿ ನೋಡಿದರು, ಆಮೇಲೆ ಹೊಟ್ಟೆ ತೋರಿಸಿ ಅಂದರು. ಹೊಕ್ಕುಳಿನ ಕೆಳಗೆ, ಜೀನ್ಸಿನ ಗುಂಡಿ ತಾಗುವ ಕಡೆ, ಒಂದು ಹಳೆಯ ಕಪ್ಪು ಕಲೆ ಇತ್ತು. ಅದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. "ಇದು ನಿಕ್ಕಲ್ ಲೋಹದ ಅಲರ್ಜಿ" ಅಂದರು. ಊಟದ ಅಲರ್ಜಿಯ ಹಾಗೆ ಇದು ಕೂಡಲೇ ಬರುವುದಿಲ್ಲವಂತೆ. ಲೋಹ ತಾಗಿದ ಮೇಲೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬಿಟ್ಟು ಏಳುತ್ತದೆ. ಅದಕ್ಕೇ ನಾವು ಬೇರೆ ಏನನ್ನೋ ಬೈಯುತ್ತಾ ಕೂರುತ್ತೇವೆ. ಕಾಲೇಜಿನಲ್ಲಿ ಟ್ರೈನಿನಲ್ಲಿ ಮಾರುವ ಇಪ್ಪತ್ತು ರೂಪಾಯಿಯ ಓಲೆ ಹಾಕಿದಾಗ ಆಗಾಗ ಕಿವಿ ಬಾತುಕೊಳ್ಳುತ್ತಿತ್ತಲ್ಲ, ಮೈ ನಿಕ್ಕಲ್ಲನ್ನು ಗುರುತು ಹಿಡಿದದ್ದು ಆಗಲೇ ಇರಬೇಕು. ಒಮ್ಮೆ ಗುರುತು ಹಿಡಿದರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ.

ಖಾತ್ರಿಗೆ ಪ್ಯಾಚ್ ಟೆಸ್ಟ್ ಮಾಡಿದರು. ಬೆನ್ನಿಗೆ ಸಣ್ಣ ಸಣ್ಣ ಬಟ್ಟಲು ಇರುವ ಪಟ್ಟಿ ಅಂಟಿಸುತ್ತಾರೆ, ಒಂದೊಂದರಲ್ಲಿ ಒಂದೊಂದು ವಸ್ತು. ನಿಕ್ಕಲ್‌ನದ್ದು ವ್ಯಾಸಲಿನ್‌ನಂಥದ್ದರಲ್ಲಿ ಕಲಸಿದ ಶೇಕಡಾ 5ರ ನಿಕ್ಕಲ್ ಸಲ್ಫೇಟ್. 48 ಗಂಟೆ ಬೆನ್ನು ಒದ್ದೆಯಾಗಬಾರದು, ಬೆವರಬಾರದು. ಮುಂಬೈಯಲ್ಲಿ ಅಕ್ಟೋಬರಿನಲ್ಲಿ ಬೆವರಬೇಡಿ ಅಂದರೆ ಹೇಗೆ, ರಜೆ ಹಾಕಿ ಫ್ಯಾನ್ ಕೆಳಗೆ ಕೂತೆ. 48 ಗಂಟೆಗೆ ತೆಗೆದು ಒಮ್ಮೆ ನೋಡಿದರು, 96 ಗಂಟೆಗೆ ಮತ್ತೆ ನೋಡಿದರು. ಎರಡನೆಯ ಸಲ ತಪ್ಪಿಸಬೇಡಿ, ಕೆಲವು ತಡವಾಗಿಯೇ ಏಳುತ್ತವೆ. ನನಗೆ ನಿಕ್ಕಲ್ ಜಾಗದಲ್ಲಿ ಕೆಂಪಾಗಿ ಸಣ್ಣ ನೀರುಗುಳ್ಳೆ ಎದ್ದಿತ್ತು, ಬೇರೆಲ್ಲ ಖಾಲಿ. ಬದನೆಕಾಯಿ ಆ ರಾತ್ರಿಯೇ ಮಾಡಿದೆ.

ಡಾಕ್ಟರು ಕೇಳಿದ ಒಂದು ಪ್ರಶ್ನೆ ಇನ್ನೂ ನೆನಪಿದೆ. ಜರ್ಮನ್ ಸಿಲ್ವರಿನಲ್ಲಿ ಸಿಲ್ವರ್ ಎಷ್ಟಿರುತ್ತದೆ ಹೇಳಿ ಅಂದರು. ಅರ್ಧ ಇರಬಹುದು ಅಂದೆ. ಒಂದು ಚೂರೂ ಇರುವುದಿಲ್ಲ! ಅದು ತಾಮ್ರ, ಸತು ಮತ್ತು ನಿಕ್ಕಲ್ ಸೇರಿಸಿದ ಲೋಹ. ಸಾಮಾನ್ಯವಾಗಿ ನೂರರಲ್ಲಿ ಹತ್ತರಿಂದ ಇಪ್ಪತ್ತು ಭಾಗ ನಿಕ್ಕಲ್. ಬೆಳ್ಳಿಯ ಬಣ್ಣ ಬರುವುದೇ ಆ ನಿಕ್ಕಲ್‌ನಿಂದ. ಅಂದರೆ ನಾನು ಬಾಣಲೆಯಿಂದ ತಪ್ಪಿಸಿಕೊಂಡು ನೇರ ಬೆಂಕಿಗೆ ಬಿದ್ದಿದ್ದೆ.

ಮತ್ತೆ ಆ ಕರಿಮಣಿ ಮೂರು ತಿಂಗಳು ಯಾಕೆ ಸುಮ್ಮನಿತ್ತು? ಒಂದು ಗ್ರಾಂ ಗೋಲ್ಡ್ ಅಂತ ಮಾರುವುದರ ಒಳಗೆ ತಾಮ್ರ ಅಥವಾ ಹಿತ್ತಾಳೆ ಇರುತ್ತದೆ. ಅದರ ಮೇಲೆ ನೇರವಾಗಿ ಚಿನ್ನ ಕೂರಿಸಿದರೆ ಒಳಗಿನ ತಾಮ್ರ ನಿಧಾನಕ್ಕೆ ಮೇಲೆ ಬಂದು ಬಣ್ಣ ಕೆಡುತ್ತದೆ, ಹೊಳಪೂ ಬರುವುದಿಲ್ಲ. ಅದಕ್ಕೆ ನಡುವೆ ಬಹಳ ಸಲ ನಿಕ್ಕಲ್ ಪದರ ಕೊಡುತ್ತಾರೆ, ಅದರ ಮೇಲೆ ಚಿನ್ನದ ತೆಳು ಪದರ, ಅಗ್ಗದ ಮಾಲಿನಲ್ಲಿ ಎಷ್ಟೋ ಸಲ ಒಂದು ಮೈಕ್ರಾನ್ ಕೂಡ ಇರುವುದಿಲ್ಲ. ಹೊಸದರಲ್ಲಿ ಚಿನ್ನವೇ ಚರ್ಮಕ್ಕೆ ತಾಗುತ್ತದೆ. ದಿನಾ ಉಜ್ಜುವ ಕೊಂಡಿಯ ಹತ್ತಿರ ಅದು ಮೊದಲು ಸವೆಯುತ್ತದೆ, ಬೆವರಿನ ಉಪ್ಪು ಕೆಳಗಿನ ನಿಕ್ಕಲ್ಲನ್ನು ಕರಗಿಸಿ ಚರ್ಮಕ್ಕೆ ಇಳಿಸುತ್ತದೆ. ನನಗೆ ಕೊಂಡಿಯ ಜಾಗದಲ್ಲೇ ಶುರುವಾದದ್ದು, ಅದೂ ಮೇ ತಿಂಗಳಲ್ಲಿ, ಇದಕ್ಕೇ.

ನಂಬಿಕೆ ಬರದೆ ಆನ್‌ಲೈನ್‌ನಲ್ಲಿ ನಿಕ್ಕಲ್ ಟೆಸ್ಟ್ ಕಿಟ್ ತರಿಸಿದೆ. ಎರಡು ಪುಟ್ಟ ಬಾಟಲಿ, ಒಂದರಲ್ಲಿ ಡೈಮಿಥೈಲ್‌ಗ್ಲೈಆಕ್ಸಿಮ್, ಇನ್ನೊಂದರಲ್ಲಿ ಅಮೋನಿಯಾ, ಮೂಗಿಗೆ ಹೊಡೆಯುತ್ತದೆ, ಕಿಟಕಿ ತೆಗೆದಿಡಿ. ಹತ್ತಿ ಸುತ್ತಿದ ಕಡ್ಡಿಗೆ ಎರಡರಿಂದಲೂ ಒಂದೊಂದು ಹನಿ ಹಾಕಿ ಆಭರಣಕ್ಕೆ ಅರ್ಧ ನಿಮಿಷ ಉಜ್ಜಬೇಕು. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕ್ಕಲ್ ಬಿಡುತ್ತಿದೆ ಅಂತ ಅರ್ಥ. ಕಿಟ್ ಕೆಲಸ ಮಾಡುತ್ತದಾ ಅಂತ ನೋಡಲು ಮೊದಲು ಹಳೆಯ ದಪ್ಪ ಐದು ರೂಪಾಯಿ ನಾಣ್ಯಕ್ಕೆ ಉಜ್ಜಿದೆ, ಅದು ತಾಮ್ರ-ನಿಕ್ಕಲ್‌ನದ್ದು. ಗುಲಾಬಿ. ಜರ್ಮನ್ ಸಿಲ್ವರ್ ಜುಮುಕಿಗೆ ಮುಟ್ಟಿಸಿದರೆ ಸಾಕು, ದಾಸವಾಳದ ಮೊಗ್ಗಿನಷ್ಟು ಬಣ್ಣ. ಕರಿಮಣಿಯ ಮುಂಭಾಗದ ಸರಕ್ಕೆ ಉಜ್ಜಿದೆ, ಹತ್ತಿ ಬೆಳ್ಳಗೇ ಇತ್ತು. ಕೊಂಡಿಗೆ ಉಜ್ಜಿದೆ, ಗುಲಾಬಿ. ಒಂದೇ ಸರ, ಎರಡು ಉತ್ತರ.

ಹಾಗಾಗಿ ಈ ಕಿಟ್ಟನ್ನು ಅರ್ಧ ಮಾತ್ರ ನಂಬಿ. ಗುಲಾಬಿ ಬಂದರೆ ಮುಗಿಯಿತು, ಹಾಕಬೇಡಿ. ಬರದಿದ್ದರೆ ಇವತ್ತು, ಆ ಜಾಗದಲ್ಲಿ, ಕಾಣುವಷ್ಟು ಬಿಡುತ್ತಿಲ್ಲ ಅಂತ ಅಷ್ಟೇ. ಹೊಸ ಪಾಲಿಶ್‌ನ ಆಭರಣ ಇವತ್ತು ಪಾಸಾಗಿ ಆರು ತಿಂಗಳಿಗೆ ಫೇಲಾಗಬಹುದು. ಉಗುರಿನ ಬಣ್ಣವಿಲ್ಲದ ಪಾಲಿಶ್ ಹಚ್ಚಿ ಹಾಕಿಕೊಳ್ಳಿ ಅಂತ ಸಲಹೆ ಕೊಡುವವರಿದ್ದಾರೆ. ಜೀನ್ಸ್ ಗುಂಡಿಗೆ ನಾನು ಅದನ್ನೇ ಮಾಡುತ್ತೇನೆ, ಸುಲಿದ ಕೂಡಲೇ ಮತ್ತೆ ಹಚ್ಚಬೇಕು. ಕಿವಿಯ ತೂತಿನ ಒಳಗೆ ಹೋಗುವ ಕಡ್ಡಿಗೆ ಅದನ್ನು ನಂಬಿಕೊಂಡು ಕೂರಬೇಡಿ.

ಕವರಿನ ಮೇಲಿನ 'ಆಂಟಿ ಅಲರ್ಜಿ', 'ಹೈಪೋಅಲರ್ಜೆನಿಕ್' ಪದಗಳಿಗೆ ನಾನು ಈಗ ಬೆಲೆ ಕೊಡುವುದಿಲ್ಲ. ಆ ಪದ ಬರೆಯಬೇಕಾದರೆ ನಿಕ್ಕಲ್ ಇಷ್ಟಕ್ಕಿಂತ ಕಡಿಮೆ ಇರಬೇಕು ಅನ್ನುವ ಒಂದೇ ಅಳತೆ ಇಲ್ಲ. ಯುರೋಪಿನಲ್ಲಿ ಪದಕ್ಕಲ್ಲ, ಲೋಹ ಎಷ್ಟು ನಿಕ್ಕಲ್ ಬಿಡುತ್ತದೆ ಅನ್ನುವುದಕ್ಕೆ ಮಿತಿ ಹಾಕಿದ್ದಾರೆ. ಚರ್ಮಕ್ಕೆ ಬಹಳ ಹೊತ್ತು ತಾಗಿರುವ ಆಭರಣಕ್ಕೆ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ, ಚುಚ್ಚಿದ ತೂತಿನೊಳಗೆ ಹಾಕುವುದಕ್ಕೆ ಇನ್ನೂ ಬಿಗಿ, 0.2. ಅಂಗಡಿಯಲ್ಲಿ 'ಆಂಟಿ ಅಲರ್ಜಿ ಇದೆಯಾ' ಅಂತ ಕೇಳಬೇಡಿ, ಇದೆ ಅಂತಲೇ ಹೇಳುತ್ತಾರೆ. 'ಇದು ಯಾವ ಲೋಹ, ಕಿವಿಯೊಳಗೆ ಹೋಗುವ ಕಡ್ಡಿ ಯಾವುದರದ್ದು' ಅಂತ ಕೇಳಿ. ಉತ್ತರ ಬರದಿದ್ದರೆ ವಾಪಸ್ ಬನ್ನಿ.

ನನಗೆ ಈಗ ಆಗುವುದು ಇವು. 916ರ ಹಳದಿ ಚಿನ್ನ, ಅದರಲ್ಲಿ ಸೇರುವುದು ಸಾಮಾನ್ಯವಾಗಿ ಬೆಳ್ಳಿ, ತಾಮ್ರ. ವೈಟ್ ಗೋಲ್ಡ್ ಬೇರೆ ಮಾತು, ಬಿಳಿ ಮಾಡಲು ಕೆಲವರು ನಿಕ್ಕಲ್ ಹಾಕುತ್ತಾರೆ, ಕೇಳದೆ ತಗೋಬೇಡಿ. ಬೆಳ್ಳಿಯಾದರೆ 925, ನೂರರಲ್ಲಿ ಉಳಿದ ಏಳೂವರೆ ಭಾಗ ಹೆಚ್ಚಾಗಿ ತಾಮ್ರ. ಕಡಿಮೆ ದುಡ್ಡಿಗೆ ಎಲ್ಲಕ್ಕಿಂತ ನೆಮ್ಮದಿ ಟೈಟಾನಿಯಂ, ದೇಹದೊಳಗೆ ಕೂರಿಸುವ ದರ್ಜೆಯದ್ದಕ್ಕೆ ಎಎಸ್‌ಟಿಎಂ ಎಫ್136 ಅಂತ ಬರೆದಿರುತ್ತಾರೆ. ಇನ್ನು ಸರ್ಜಿಕಲ್ ಸ್ಟೀಲ್ ಅಂದರೆ ನಿಕ್ಕಲ್ ಇಲ್ಲ ಅಂದುಕೊಂಡವರೇ ಜಾಸ್ತಿ. 316ಎಲ್ ಸ್ಟೀಲಿನಲ್ಲಿ ನೂರಕ್ಕೆ ಹತ್ತರಿಂದ ಹದಿನಾಲ್ಕು ಭಾಗ ನಿಕ್ಕಲ್ ಇದೆ. ಆದರೆ ಅದು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಹೊರಗೆ ಬಿಡುವುದು ಬಹಳ ಕಡಿಮೆ. ಹಳೆಯ ವಾಸಿಯಾದ ತೂತಿಗೆ ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ. ನನ್ನ ವಾಚಿನ ಬೆಲ್ಟ್ ಸ್ಟೀಲಿನದ್ದೇ, ಆರಾಮ. ಹೊಸದಾಗಿ ಕಿವಿ ಚುಚ್ಚಿಸುವ ಮಗುವಿಗೆ ಮಾತ್ರ ನಾನು ಸ್ಟೀಲ್ ಹಾಕಿಸುವುದಿಲ್ಲ.

ಎಲ್ಲ ಸರಿಹೋಯಿತು ಅಂದುಕೊಂಡರೆ ಡಿಸೆಂಬರಿನಲ್ಲಿ ಬಲಗಿವಿ ಮಾತ್ರ ಮತ್ತೆ ಬಾತುಕೊಂಡಿತು. ಹಾಕಿದ್ದು ಅಮ್ಮ ಕೊಟ್ಟ 916ರ ಬೆಂಡೋಲೆ! ಒಂದು ದಿನ ಪೂರ್ತಿ ತಲೆ ಕೆಡಿಸಿಕೊಂಡೆ. ಆಮೇಲೆ ನೆನಪಾಯಿತು. ದಾದರ್‌ನಲ್ಲಿ ಇಳಿಯುವ ನೂಕುನುಗ್ಗಲಿನಲ್ಲಿ ಬಲಗಿವಿಯ ತಿರುಪು ಬಿದ್ದುಹೋಗಿತ್ತು, ಸದ್ಯಕ್ಕೆ ಅಂತ ಹತ್ತು ರೂಪಾಯಿಯ ಒಂದು ತಿರುಪು ಹಾಕಿಕೊಂಡಿದ್ದೆ. ಕಡ್ಡಿಗೆ ಹತ್ತಿ ಸುತ್ತಿ ಉಜ್ಜಿದೆ. ಗುಲಾಬಿ. ಆಚಾರಿಗಳ ಹತ್ತಿರ ಚಿನ್ನದ್ದೇ ತಿರುಪು ಮಾಡಿಸಿದೆ, ಹತ್ತು ದಿನದಲ್ಲಿ ಕಿವಿ ಒಣಗಿತು.

ಟ್ರೈನಿನ ಕರಿಮಣಿಗೂ ಒಂದು ದಾರಿ ಸಿಕ್ಕಿತು. ಮಣಿ ಪೋಣಿಸಿಕೊಡುವವರ ಹತ್ತಿರ ಗಾಜಿನ ಕರಿಮಣಿಯನ್ನು ನೂಲಿನಲ್ಲೇ ಪೋಣಿಸಿಕೊಂಡೆ, ಕೊಂಡಿಯೇ ಇಲ್ಲ, ತಲೆಯ ಮೇಲಿಂದ ಹಾಕಿಕೊಳ್ಳುವಷ್ಟು ಉದ್ದ. ನಡುವೆ ಎರಡು ಸಣ್ಣ ಚಿನ್ನದ ಗುಂಡು. ಮೂರು ತಿಂಗಳಿಗೊಮ್ಮೆ ನೂಲು ಬದಲಾಯಿಸಬೇಕು, ಬೆವರಿಗೆ ಹಳಸುತ್ತದೆ. ಕುತ್ತಿಗೆಯ ಕಪ್ಪು ಕಲೆ ಇನ್ನೂ ಪೂರ್ತಿ ಹೋಗಿಲ್ಲ.