ಕೋಶ ವಿಭಜನೆ ಕಲಿಸಲು ಯಾವ ಅನಿಮೇಷನ್? ಮೂರನ್ನೂ ತರಗತಿಯಲ್ಲಿ ಇಟ್ಟು ನೋಡಿದಾಗ

ಕುಷ್ಟಗಿ ತಾಲೂಕಿನ ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿಗೆ ವಿಜ್ಞಾನ ಹೇಳುತ್ತೇನೆ. ಕೋಶ ವಿಭಜನೆಗೆ ಮೂರು ಬಗೆಯ ಚಲಿಸುವ ಚಿತ್ರ ಬಳಸಿ ನೋಡಿದ್ದೇನೆ. ಒಂದು, ಇಂಟರ್ನೆಟ್‌ನಲ್ಲಿ ಸಿಗುವ ತ್ರೀಡಿ ವಿಡಿಯೋ. ಎರಡು, ತಾನೇ ತಿರುತಿರುಗಿ ಓಡುವ ಸಣ್ಣ ಜಿಫ್. ಮೂರು, ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ನಾನೇ ಬಿಡಿಸಿದ ಸ್ಲೈಡುಗಳು. ಒಂದೊಂದು ಬಟನ್ ಒತ್ತಿದಾಗ ಒಂದೊಂದು ಹೆಜ್ಜೆ ಮುಂದೆ ಹೋಗುತ್ತವೆ.

ಮೂರನ್ನೂ ಒಂದೇ ಪ್ರಶ್ನೆಯಿಂದ ಅಳೆದೆ. ತಾಯಿ ಕೋಶದಲ್ಲಿ 4 ವರ್ಣತಂತು ಇದ್ದರೆ, ಹುಟ್ಟುವ ಎರಡು ಕೋಶಗಳಲ್ಲಿ ಎಷ್ಟೆಷ್ಟು? ಉತ್ತರ 4 ಮತ್ತು 4. ಆದರೆ ಚಿತ್ರ ನೋಡಿದ ಮೇಲೂ ತುಂಬಾ ಮಕ್ಕಳು 2 ಮತ್ತು 2 ಎನ್ನುತ್ತಾರೆ. ಅವರ ಲೆಕ್ಕದಲ್ಲಿ ತಪ್ಪಿಲ್ಲ. ನಾಲ್ಕನ್ನು ಎರಡು ಪಾಲು ಮಾಡಿದರೆ ಎರಡೇ ಅಲ್ವಾ? ವಿಭಜನೆ ಶುರುವಾಗುವ ಮೊದಲೇ ಪ್ರತಿ ವರ್ಣತಂತುವಿನ ನಕಲು ತಯಾರಾಗಿರುತ್ತದೆ ಎನ್ನುವುದನ್ನು ಅವರಿಗೆ ಯಾರೂ ತೋರಿಸಿರುವುದಿಲ್ಲ.

ತ್ರೀಡಿ ವಿಡಿಯೋ ಸೋಲುವುದು ಇಲ್ಲೇ. ನೋಡಲು ಬಹಳ ಚೆಂದ. ಕೋಶಕೇಂದ್ರದ ಪೊರೆ ಕರಗುವುದು, ಕದಿರೆಳೆಗಳು ಎರಡೂ ಕಡೆಯಿಂದ ಬಂದು ವರ್ಣತಂತುಗಳನ್ನು ಹಿಡಿಯುವುದು, ಎಲ್ಲ ಮೈನವಿರೇಳಿಸುತ್ತದೆ. ಆದರೆ ನಾನು ನೋಡಿದ ಹೆಚ್ಚಿನ ವಿಡಿಯೋಗಳು ವರ್ಣತಂತುಗಳು ಆಗಲೇ ಇಂಗ್ಲಿಷ್ X ಅಕ್ಷರದ ಆಕಾರದಲ್ಲಿ ಇರುವಾಗ ಶುರುವಾಗುತ್ತವೆ. ನಕಲಾಗುವ ಹಂತ ಒಂದೇ ಮಾತಿನಲ್ಲಿ ಮುಗಿದುಹೋಗಿರುತ್ತದೆ. ಹಾಗಾಗಿ ಮಗುವಿಗೆ X ಅಂದರೆ ಒಂದು ಇಡೀ ವಸ್ತು. ಅದು ಸೀಳಿದಾಗ ಒಬ್ಬ ಹುಡುಗ ಕೇಳಿದ: "ಸರ್, ಹಂಗಾದ್ರ ಒಂದೊಂದಕ್ಕೂ ಅರ್ಧ ಅರ್ಧನ ಬಂತಲ್ರಿ?" ಕಣ್ಣಿಗೆ ಕಂಡದ್ದನ್ನೇ ಅವನು ಹೇಳಿದ್ದ. ಇನ್ನೊಂದು ತೊಂದರೆ ಎಣಿಕೆಯದು. ಮನುಷ್ಯನ ಕೋಶದ 46 ವರ್ಣತಂತುಗಳನ್ನೂ ತೋರಿಸಿದರೆ, ಕ್ಯಾಮೆರಾ ಬೇರೆ ಸುತ್ತುತ್ತಿದ್ದರೆ, ಯಾವುದು ಎತ್ತ ಹೋಯಿತು ಎಂದು ಯಾರಿಗೂ ಎಣಿಸಲು ಆಗುವುದಿಲ್ಲ.

ಜಿಫ್‌ನ ಅನುಕೂಲ ದೊಡ್ಡದು. ಫೋನಿನಲ್ಲಿ ಇಟ್ಟುಕೊಂಡರೆ ನೆಟ್‌ವರ್ಕ್ ಬೇಡ, ಕರೆಂಟ್ ಹೋದರೂ ನಡೆಯುತ್ತದೆ. ಐದಾರು ಮಕ್ಕಳ ಗುಂಪಿಗೆ ಕೈಯಲ್ಲೇ ತೋರಿಸಬಹುದು. ಆದರೆ ಅದು ನಿಲ್ಲುವುದಿಲ್ಲ. ಎರಡು ಕೋಶ ಆದ ಕೂಡಲೇ ಮತ್ತೆ ಒಂದೇ ಕೋಶ ಕಾಣಿಸುತ್ತದೆ. ಎರಡನೆಯ ಕೋಶ ಎಲ್ಲಿ ಹೋಯಿತು ಎಂದು ಮಕ್ಕಳು ಕೇಳುತ್ತಾರೆ. ಕೋಶ ಎಂದರೆ ಸದಾ ಒಡೆಯುತ್ತಲೇ ಇರುವುದು ಎಂಬ ಭಾವನೆಯೂ ಕೂರುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಕೋಶಕ್ಕೆ ಒಂದು ಸುತ್ತು ಮುಗಿಯಲು ಹೆಚ್ಚುಕಡಿಮೆ 24 ಗಂಟೆ ಬೇಕು. ಅದರಲ್ಲಿ ವರ್ಣತಂತುಗಳು ಹಂಚಿಕೆಯಾಗುವ ಭಾಗ ಸುಮಾರು ಒಂದು ಗಂಟೆ ಮಾತ್ರ. ಉಳಿದ ಹೊತ್ತು ಕೋಶ ಬೆಳೆಯುತ್ತಿರುತ್ತದೆ, ನಕಲು ಮಾಡುತ್ತಿರುತ್ತದೆ. ಉಳ್ಳಾಗಡ್ಡಿ ಬೇರಿನ ತುದಿಯ ಸ್ಲೈಡನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟಾಗ ಇದು ಗೊತ್ತಾಗುತ್ತದೆ. ಹೆಚ್ಚಿನ ಕೋಶಗಳಲ್ಲಿ ಬರೀ ದುಂಡಗಿನ ಕೋಶಕೇಂದ್ರ ಕಾಣುತ್ತದೆ. ಜಿಫ್ ನೋಡಿ ಬಂದ ಮಕ್ಕಳು "ದಾರ ಎಲ್ಲ್ಯದಾವ್ರಿ ಸರ್?" ಎಂದು ಹುಡುಕುತ್ತಾರೆ.

ಈಗ ಸ್ಲೈಡುಗಳ ವಿಷಯ. ಕೋಶವನ್ನು ಆಯತಾಕಾರದಲ್ಲಿ ಬಿಡಿಸಿದೆ, ಯಾಕೆಂದರೆ ಮಕ್ಕಳು ಮುಂದೆ ನೋಡುವುದು ಉಳ್ಳಾಗಡ್ಡಿ ಬೇರಿನ ಕೋಶವನ್ನೇ. ಒಳಗೆ 4 ವರ್ಣತಂತು: ಕೆಂಪು, ನೀಲಿ, ಹಸಿರು, ಹಳದಿ. ನಿಜವಾದ ಉಳ್ಳಾಗಡ್ಡಿ ಕೋಶದಲ್ಲಿ 16 ಇರುತ್ತವೆ ಎಂದು ಮೂಲೆಯಲ್ಲಿ ಬರೆದಿಟ್ಟೆ. ಕಡಿಮೆ ಮಾಡಿದ್ದನ್ನು ಮುಚ್ಚಿಡಬಾರದು.

ಮೊದಲ ಸ್ಲೈಡಿನಲ್ಲಿ ನಾಲ್ಕೂ ಒಂದೊಂದೇ ಎಳೆ. ಈ ಹೊತ್ತಿನಲ್ಲಿ ಅವು ನಿಜಕ್ಕೂ ಬಿಚ್ಚಿಕೊಂಡು ಹರಡಿರುತ್ತವೆ, ಹೀಗೆ ಕಡ್ಡಿಯಂತೆ ಕಾಣುವುದಿಲ್ಲ. ಎಣಿಸಲಿ ಎಂದು ಹಾಗೆ ಬಿಡಿಸಿದೆ, ಅದನ್ನು ಬಾಯಲ್ಲೂ ಹೇಳುತ್ತೇನೆ. ಎರಡನೆಯ ಸ್ಲೈಡಿನಲ್ಲಿ ಕೆಂಪು ಎಳೆಯ ಪಕ್ಕ ಇನ್ನೊಂದು ಕೆಂಪು ಎಳೆ ಹುಟ್ಟುತ್ತದೆ. ಎರಡೂ ಒಂದು ಜಾಗದಲ್ಲಿ ಅಂಟಿಕೊಂಡಿವೆ. ಆಮೇಲೆ ನೀಲಿ, ಹಸಿರು, ಹಳದಿ. ಈಗ 8 ಎಳೆ, ಆದರೆ ಅಂಟಿಕೊಂಡ ಜೋಡಿ 4. ಇಲ್ಲಿ ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಬಿಡಿಸಲು ಹೇಳುತ್ತೇನೆ. ಆತುರ ಮಾಡುವುದಿಲ್ಲ. ನಂತರ ಕೋಶಕೇಂದ್ರದ ಪೊರೆ ಮಾಯ, ಜೋಡಿಗಳು ನಡುವೆ ಸಾಲಾಗಿ ನಿಲ್ಲುತ್ತವೆ, ಎರಡೂ ಕಡೆಯಿಂದ ಕದಿರೆಳೆ ಹಿಡಿಯುತ್ತವೆ. ಎಳೆಗಳು ಬೇರೆಯಾಗಿ ಎದುರುಬದುರು ದಿಕ್ಕಿಗೆ ಹೋಗುವಾಗ ಅವನ್ನು V ಆಕಾರದಲ್ಲಿ ಬಿಡಿಸಿದೆ. ಹಿಡಿದ ಜಾಗ ಮುಂದೆ, ತುದಿಗಳು ಹಿಂದೆ. ಎಷ್ಟೋ ಜಿಫ್‌ಗಳಲ್ಲಿ ನೇರ ಕಡ್ಡಿ ಸುಮ್ನೆ ಜಾರುತ್ತದೆ. V ಬಿಡಿಸಿದರೆ, ಎಲ್ಲಿ ಹಿಡಿದು ಎಳೆಯುತ್ತಿದೆ ಎಂದು ಮಕ್ಕಳೇ ಬೆರಳಿಟ್ಟು ತೋರಿಸುತ್ತಾರೆ. ಕೊನೆಗೆ ನಡುವೆ ಹೊಸ ಗೋಡೆ ಹುಟ್ಟಿ, ಅಂಚಿನ ಕಡೆಗೆ ಬೆಳೆದು ಕೂಡಿಕೊಳ್ಳುತ್ತದೆ.

ಬಣ್ಣದಿಂದ ಆದ ಲಾಭ ಇದು: ಕೊನೆಯ ಸ್ಲೈಡಿನಲ್ಲಿ "ಯಾವ ಕೋಶದಾಗ ಯಾವ ಬಣ್ಣ ಇಲ್ಲ?" ಎಂದು ಕೇಳಿದರೆ ಸಾಕು. ಎರಡರಲ್ಲೂ ನಾಲ್ಕೂ ಬಣ್ಣ ಇವೆ. ಮಕ್ಕಳು ಎಣಿಸಿ ಹೇಳುತ್ತಾರೆ. ಅರ್ಧ ಎಂದಿದ್ದ ಹುಡುಗ "ಎರಡನೇದಕ್ಕ ಹಿಂದ ಹೋಗ್ರಿ ಸರ್" ಎಂದ. ಕೆಂಪಿನ ಪಕ್ಕ ಕೆಂಪು ಹುಟ್ಟಿದ್ದನ್ನು ಮತ್ತೆ ನೋಡಿ, ತನ್ನ ಉತ್ತರ ತಾನೇ ತಿದ್ದಿಕೊಂಡ. ಹೀಗೆ ಕೇಳಿದ ಕಡೆಗೆ ಹಿಂದೆ ಹೋಗಿ ನಿಲ್ಲುವುದು ಜಿಫ್‌ನಲ್ಲಿ ಆಗದು.

ಏನು ಬಿಡಬೇಕು ಎನ್ನುವುದೂ ಇದೇ ಪ್ರಶ್ನೆಯಿಂದ ತೀರ್ಮಾನವಾಯಿತು. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೋಫೇಸ್ ಹೆಸರುಗಳನ್ನು ಬಿಟ್ಟೆ. ಹೆಸರು ಕೊಟ್ಟರೆ ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಾರೆ, ಎಳೆ ಎಣಿಸುವುದನ್ನು ಬಿಡುತ್ತಾರೆ. ಕ್ರೊಮ್ಯಾಟಿಡ್ ಬದಲು ಎಳೆ ಎಂದೆ. ಸೆಂಟ್ರಿಯೋಲ್ ಬಿಡಿಸಲಿಲ್ಲ. ಇದರಿಂದ ನಷ್ಟವೇ ಇಲ್ಲ, ಉಳ್ಳಾಗಡ್ಡಿ ಕೋಶದಲ್ಲಿ ಅದು ಇರುವುದೇ ಇಲ್ಲ. ಪ್ರಾಣಿಕೋಶ ಹೊರಗಿನಿಂದ ಒಳಕ್ಕೆ ಚಿವುಟಿದಂತೆ ಇಬ್ಭಾಗವಾಗುವುದನ್ನು ಒಂದೇ ವಾಕ್ಯದಲ್ಲಿ ಮುಗಿಸಿದೆ.

ಬಣ್ಣದ ವಿಷಯದಲ್ಲಿ ಒಂದು ಬೆಲೆ ತೆರಲೇಬೇಕು. ವರ್ಣತಂತುಗಳು ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಜೋಡಿಯಾಗಿ ಬರುತ್ತವೆ. ನನ್ನ ನಾಲ್ಕು ಬಣ್ಣ ಅದನ್ನು ಮರೆಮಾಡುತ್ತದೆ. ಮುಂದೆ ಅನುವಂಶೀಯತೆ ಕಲಿಸುವವರು ಉದ್ದದ ಜೋಡಿ, ಗಿಡ್ಡ ಜೋಡಿ ಎಂದು ಹೊಸದಾಗಿ ಬಿಡಿಸಬೇಕಾಗುತ್ತದೆ. ಎಂಟನೇ ತರಗತಿಗೆ ಈ ಬೆಲೆ ತೆರಬಹುದು ಎನ್ನುವುದು ನನ್ನ ಅಭಿಪ್ರಾಯ. ಹತ್ತನೇ ತರಗತಿಗೆ ಇದೇ ಸ್ಲೈಡು ಬಳಸಬೇಡಿ.

ಸ್ಲೈಡಿಗೆ ಇನ್ನೊಂದು ಕೊರತೆ ಇದೆ. ಹೆಜ್ಜೆ ಹೆಜ್ಜೆಗೂ ನಿಲ್ಲುವುದರಿಂದ, ಕೋಶವೂ ಹಾಗೇ ನಿಂತು ನಿಂತು ಹೋಗುತ್ತದೆ ಎಂದು ಕೆಲವರು ತಿಳಿಯುತ್ತಾರೆ. ಅದಕ್ಕೇ ವಿಡಿಯೋವನ್ನು ಪೂರ್ತಿ ಕೈಬಿಟ್ಟಿಲ್ಲ. ಸ್ಲೈಡು ಮುಗಿದು, ಎಣಿಕೆ ಸರಿ ಬಂದ ಮೇಲೆ, ಧ್ವನಿ ತೆಗೆದು ಅದೇ ತ್ರೀಡಿ ವಿಡಿಯೋ ಹಾಕುತ್ತೇನೆ. X ಕಂಡ ಕಡೆ ನಿಲ್ಲಿಸಿ, ಇದು ನಮ್ಮ ಯಾವ ಸ್ಲೈಡು ಎಂದು ಕೇಳುತ್ತೇನೆ. ಎರಡನೆಯದು ಆಗಲೇ ಮುಗಿದಿದೆ ಎಂದು ಅವರು ಹೇಳಿದರೆ ವಿಡಿಯೋ ಮುಂದುವರಿಸುತ್ತೇನೆ. ಇಲ್ಲದಿದ್ದರೆ ಮತ್ತೆ ಸ್ಲೈಡಿಗೇ ಹೋಗುತ್ತೇವೆ.