ಅಡ್ಮಿಟ್ ಆಗದ ಆಸ್ಪತ್ರೆಯ ಬಿಲ್‌ಗೆ ಸಹಿ ಹಾಕಬೇಡಿ

ಹೋದ ಮಳೆಗಾಲದಲ್ಲಿ ನನ್ನ ತಮ್ಮನಿಗೆ ಡೆಂಗಿ ಬಂತು. ಐದು ದಿನ ಮನೆ ಹತ್ತಿರದ ಕ್ಲಿನಿಕ್‌ಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಸಂಜೆ ವಾಪಸ್ ಬರುತ್ತಿದ್ದ. ರಕ್ತ ಪರೀಕ್ಷೆ, ಔಷಧಿ ಎಲ್ಲ ಸೇರಿ 7,400 ರೂಪಾಯಿ ಖರ್ಚಾಯಿತು. ಅವನ ಆರೋಗ್ಯ ವಿಮೆಯಲ್ಲಿ ಜ್ವರಕ್ಕೆ ಹಣ ಸಿಗಬೇಕಾದರೆ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ದಾಖಲಾಗಿರಬೇಕು. ಹಾಗಾಗಿ ಅದು ಕೈಯಿಂದ ಹೋದ ದುಡ್ಡು ಅಂತ ಸುಮ್ಮನಿದ್ದೆವು.

ಆಗ ಪರಿಚಯದವರೊಬ್ಬರು ಬಂದರು. 'ನಾಲ್ಕು ದಿನ ಅಡ್ಮಿಟ್ ಆಗಿದ್ದ ಹಾಗೆ ಫೈಲ್ ಮಾಡಿಸಿ ಕೊಡ್ತೀನಿ. ಅರವತ್ತು ಸಾವಿರ ಬರುತ್ತೆ, ನನಗೆ ಮೂರರಲ್ಲಿ ಒಂದು ಪಾಲು ಕೊಡಿ, ಎಲ್ಲರೂ ಮಾಡ್ತಾರೆ' ಅಂದರು. ತಮ್ಮ ಹಿಂದೆಮುಂದೆ ನೋಡಿದ. 'ಇಷ್ಟು ವರ್ಷ ಪ್ರೀಮಿಯಂ ಕಟ್ಟಿದ್ದೀಯಲ್ಲ, ಹಾಕು' ಅಂತ ಹೇಳಿದವಳು ನಾನು. ಅವನು ಕ್ಲೈಮ್ ಫಾರ್ಮ್‌ಗೆ ಸಹಿ ಹಾಕಿದ. ನಾನು ಆ ಮಾತು ಆಡಬಾರದಿತ್ತು.

ಮೂರು ವಾರ ಕಳೆದ ಮೇಲೆ ವಿಮಾ ಕಂಪನಿಯ ಕಡೆಯಿಂದ ತನಿಖೆಗೆ ಒಬ್ಬರು ಮನೆಗೆ ಬಂದರು. ಜೋರು ಮಾಡಲಿಲ್ಲ. ಯಾವ ಮಹಡಿ, ಪಕ್ಕದ ಬೆಡ್‌ನಲ್ಲಿ ಯಾರಿದ್ದರು, ಊಟ ಯಾರು ತರುತ್ತಿದ್ದರು ಅಂತ ಕೇಳುತ್ತಾ ಹೋದರು. ತಮ್ಮ ತಡವರಿಸಿದ. ಆಮೇಲೆ ಫೈಲ್ ತೆರೆದು ಎರಡು ಹಾಳೆ ತೋರಿಸಿದರು. ಒಂದು, ನರ್ಸ್‌ಗಳು ಜ್ವರ, ನಾಡಿ ಬರೆಯುವ ಚಾರ್ಟ್. ನಾಲ್ಕು ದಿನ, ಹಗಲು ರಾತ್ರಿ ಪಾಳಿ, ಆದರೂ ಎಲ್ಲ ಒಂದೇ ಕೈಬರಹ, ಒಂದೇ ಪೆನ್ನು. ಇನ್ನೊಂದು, ಹಣ ಕಟ್ಟಿದ ರಸೀದಿಗಳು. ಮೊದಲ ದಿನದ್ದು 1141, ಮೂರನೇ ದಿನದ್ದು 1142, ಡಿಸ್ಚಾರ್ಜ್ ದಿನದ್ದು 1143. ಆ ನಾಲ್ಕು ದಿನ ಆಸ್ಪತ್ರೆಯಲ್ಲಿ ಬೇರೆ ಯಾರೂ ಒಂದು ರೂಪಾಯಿ ಕಟ್ಟಿಲ್ಲ ಅಂದ ಹಾಗಾಯಿತು, ಅಲ್ವಾ? ಜೊತೆಗೆ ಪ್ಲೇಟ್‌ಲೆಟ್ 38,000 ಅಂತ ವರದಿ ಇತ್ತು. ಆ ದಿನ ಆ ಲ್ಯಾಬ್‌ನ ರಿಜಿಸ್ಟರ್‌ನಲ್ಲಿ ತಮ್ಮನ ಹೆಸರೇ ಇರಲಿಲ್ಲ.

ಕ್ಲೈಮ್ ತಿರಸ್ಕಾರವಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಪಾಲಿಸಿಯಲ್ಲಿ ವಂಚನೆಯ ಷರತ್ತು ಅಂತ ಒಂದು ಇರುತ್ತದೆ, ಅದರ ಪ್ರಕಾರ ಇಡೀ ಪಾಲಿಸಿಯನ್ನೇ ರದ್ದು ಮಾಡಿದರು. ಕಟ್ಟಿದ ಪ್ರೀಮಿಯಂ ವಾಪಸ್ ಬರಲಿಲ್ಲ. ಅದೇ ಪಾಲಿಸಿಯಲ್ಲಿ ಅಮ್ಮನೂ ಇದ್ದರು. ಸಕ್ಕರೆ ಕಾಯಿಲೆಯವರು. ಈಗ ಹೊಸ ಪಾಲಿಸಿ ಸಿಕ್ಕರೂ ಹಳೆಯ ಕಾಯಿಲೆಗೆ ಮೂರು ವರ್ಷದ ತನಕ ಕಾಯಬೇಕಾಗಬಹುದು. ಅರ್ಜಿಯಲ್ಲಿ 'ಹಿಂದೆ ಪಾಲಿಸಿ ರದ್ದಾಗಿದೆಯೇ' ಅಂತ ಕೇಳುತ್ತಾರೆ, ಹೌದು ಅಂತಲೇ ಬರೆಯಬೇಕು. ಪೊಲೀಸ್ ದೂರು ಕೊಡಲಿಲ್ಲ, ಆದರೆ ಕೊಡಬಹುದಿತ್ತು. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ವಂಚನೆಗೆ, 340ನೇ ಕಲಂ ಖೊಟ್ಟಿ ದಾಖಲೆಯನ್ನು ಅಸಲಿ ಅಂತ ಬಳಸುವುದಕ್ಕೆ. ಫಾರ್ಮ್‌ನಲ್ಲಿ 'ಇದೆಲ್ಲ ನಿಜ' ಎನ್ನುವ ಘೋಷಣೆಯ ಕೆಳಗೆ ಸಹಿ ಇರುವುದು ನಮ್ಮದು, ಫೈಲ್ ಮಾಡಿಸಿದವರದ್ದಲ್ಲ. ಅವರ ಫೋನ್ ಆಗಲೇ ಸ್ವಿಚ್ ಆಫ್ ಆಗಿತ್ತು.

ನಿಜವಾಗಿ ಅಡ್ಮಿಟ್ ಆದವರ ಫೈಲ್ ಹೇಗಿರುತ್ತದೆ ಅಂತ ಚಿಕ್ಕಮ್ಮನ ಪಿತ್ತಕೋಶದ ಆಪರೇಷನ್ ಸಮಯದಲ್ಲಿ ನೋಡಿದೆ. ಸೇರುವ ಮೊದಲೇ ವಿಮಾ ಕಂಪನಿಗೆ ತಿಳಿಸಿ ಕ್ಲೈಮ್ ನಂಬರ್ ತಗೊಂಡಿದ್ದರು. ಸ್ಕ್ಯಾನ್ ವರದಿಯಲ್ಲಿ ಕಲ್ಲು, ವೈದ್ಯರ ಚೀಟಿಯಲ್ಲಿ ಆಪರೇಷನ್ ಸಲಹೆ, ಡಿಸ್ಚಾರ್ಜ್ ಸಮರಿಯಲ್ಲಿ ಅದೇ ಕಾಯಿಲೆ, ಸೇರಿದ ಮತ್ತು ಬಿಟ್ಟ ದಿನಾಂಕ, ಗಂಟೆ. ಒಂದು ಕಾಗದ ಇನ್ನೊಂದಕ್ಕೆ ಸಾಕ್ಷಿ ಹೇಳುತ್ತಿತ್ತು. ಔಷಧಿ ಬಿಲ್ ಒಂದೊಂದಕ್ಕೂ ವೈದ್ಯರ ಚೀಟಿ ಇತ್ತು, ಪರೀಕ್ಷೆಯ ಬಿಲ್‌ಗೆ ವರದಿ ಇತ್ತು. ಫೈನಲ್ ಬಿಲ್‌ನಲ್ಲಿ ಬೆಡ್, ಆಪರೇಷನ್ ಥಿಯೇಟರ್, ವೈದ್ಯರ ಶುಲ್ಕ ಬೇರೆ ಬೇರೆ ಬಿಡಿಸಿ ಬರೆದಿತ್ತು. ಹಣವನ್ನು ಕಾರ್ಡ್‌ನಲ್ಲಿ ಕಟ್ಟಿದ್ದರಿಂದ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೂ ಅದೇ ದಿನ, ಅದೇ ಮೊತ್ತ. ಕ್ಲೈಮ್ ಫಾರ್ಮ್‌ನ ಎ ಭಾಗವನ್ನು ಚಿಕ್ಕಮ್ಮ ತುಂಬಿದರು, ಬಿ ಭಾಗವನ್ನು ಆಸ್ಪತ್ರೆಯವರೇ ತುಂಬಿ ಸೀಲ್ ಹಾಕಿದರು. ಎಲ್ಲದರ ಒಂದು ಜೆರಾಕ್ಸ್ ಇಟ್ಟುಕೊಂಡು ಅಸಲಿ ಕೊಟ್ಟರು. ಒಂದು ಔಷಧಿ ಬಿಲ್‌ಗೆ ಚೀಟಿ ಇರಲಿಲ್ಲ, 640 ರೂಪಾಯಿ ಕಡಿತವಾಯಿತು, ಉಳಿದದ್ದು ಬಂತು. ಆ ಚೀಟಿಯನ್ನು ಆಮೇಲೆ ಬರೆಸಿಕೊಂಡು ಬರಲು ಚಿಕ್ಕಮ್ಮ ಹೋಗಲಿಲ್ಲ. ಆಪರೇಷನ್ ನಿಜವೇ ಆಗಿದ್ದರೂ ಬಿಲ್ ಉಬ್ಬಿಸಿದರೆ, ಖೊಟ್ಟಿ ಚೀಟಿ ಸೇರಿಸಿದರೆ ಇಡೀ ಕ್ಲೈಮ್ ಹೋಗಬಹುದು.

ಈಗಾಗಲೇ ಯಾರಿಗಾದರೂ ಫೈಲ್ ಮಾಡಿಸಲು ಕೊಟ್ಟಿದ್ದರೆ ಇವತ್ತೇ ಪಾಲಿಸಿ ಪ್ರತಿ, ಆಧಾರ್, ಕ್ಯಾನ್ಸಲ್ ಮಾಡಿದ ಚೆಕ್ ವಾಪಸ್ ಕೇಳಿ. ಸಹಿ ಹಾಕಿದ ಖಾಲಿ ಫಾರ್ಮ್ ಇದ್ದರೆ ಅದನ್ನೂ ತಗೊಂಡು ಹರಿದು ಹಾಕಿ. ಆಮೇಲೆ ವಿಮಾ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ನಿಮ್ಮ ಪಾಲಿಸಿ ನಂಬರ್ ಹೇಳಿ, ಅದರ ಮೇಲೆ ಯಾವುದಾದರೂ ಕ್ಲೈಮ್ ದಾಖಲಾಗಿದೆಯೇ ಅಂತ ಕೇಳಿ. ದಾಖಲಾಗಿದ್ದರೆ ಒಬ್ಬ ವಕೀಲರನ್ನು ಕಂಡು, ಹಿಂದಕ್ಕೆ ತಗೊಳ್ಳುತ್ತೇನೆ ಅಂತ ಬರಹದಲ್ಲಿ ಕೊಡಿ. ತನಿಖೆಯವರು ಮನೆಗೆ ಬರುವ ಮೊದಲು.